ಎತ್ತು ಏರಿಗೆ, ಕೋಣ ನೀರಿಗೆ: ಇಂಗ್ಲಿಷಿಗೆ ಹೋಗುವಾಗ ಯಾವುದನ್ನು ಉಳಿಸಬೇಕು?

ಪ್ರಶ್ನೆ: ಮುಧೋಳ ತಾಲ್ಲೂಕಿನ ನಮ್ಮ ಸೋದರಮಾವ ಬರೆದ ಸಣ್ಣ ಕತೆಯೊಂದನ್ನು ಇಂಗ್ಲಿಷಿಗೆ ಮಾಡುತ್ತಿದ್ದೇನೆ. ಹೊಲದ ವಿಷಯಕ್ಕೆ ಜಗಳ ಆಡುವ ಇಬ್ಬರು ಗಂಡುಮಕ್ಕಳಿಗೆ ತಾಯಿ “ಎತ್ತು ಏರಿಗಿ ಎಳೀತು, ಕ್ವಾಣ ನೀರಿಗಿ ಎಳೀತು” ಅನ್ನುತ್ತಾಳೆ. ಇದಕ್ಕೆ ಇಂಗ್ಲಿಷಿನದೇ ಒಂದು ಮಾತು ಹಾಕು ಅಂತ ನಮ್ಮ ಸರ್ ಹೇಳುತ್ತಾರೆ. ಎತ್ತು, ಕೋಣ ಹಾಗೇ ಇರಲಿ ಅಂತ ಗೆಳತಿ ಹೇಳುತ್ತಾಳೆ. ಯಾರ ಮಾತು ಕೇಳಲಿ? ಆ ಎರಡು ಪುಟ ಜೊತೆಗೆ ಕಳಿಸಿದ್ದೇನೆ.

ಉತ್ತರ: ಈ ಕತೆಯಲ್ಲಿ ಗೆಳತಿಯ ಮಾತು ಕೇಳಿ. ಎತ್ತು, ಕೋಣ ಎರಡೂ ಇರಲಿ. ಇದಕ್ಕೆ ಕಾರಣ ಗಾದೆಯ ಸಾಲಿನಲ್ಲಿಲ್ಲ, ಅದರ ಮುಂದಿನ ಎರಡು ಸಾಲುಗಳಲ್ಲಿದೆ. ನೀವೇ ಕಳಿಸಿದ ಪುಟ ತೆಗೆದು ನೋಡಿ. ತಾಯಿ ಮಾತು ಮುಗಿಸಿದ ಕೂಡಲೇ ಕಿರಿಯ ಮಗ ಹೇಳುತ್ತಾನೆ: “ನೀರಿಗಿ ಎಳದ್ರ ತಪ್ಪೇನೈತಿ ಯವ್ವಾ? ನೀರ ಇದ್ದಲ್ಲೇ ಕಬ್ಬ ಬರೂದು.” ಹಿರಿಯ ಮಗ ತಾಯಿಯ ಕಡೆ ತಿರುಗಿ ಹೇಳುತ್ತಾನೆ: “ಹಂಗಾರ ಕೊಳ್ಳ ಹರದ ಬಿಡಬೇ.”

ತಾಯಿ ಗಾದೆ ಹೇಳಿ ಸುಮ್ಮನಾದಳು. ಮಕ್ಕಳು ಸುಮ್ಮನಾಗಲಿಲ್ಲ. ಇಬ್ಬರೂ ಆ ಗಾದೆಯೊಳಗೇ ನಿಂತು ಮಾತಾಡಿದರು. ಕಿರಿಯವನು ಕೋಣದ ನೀರನ್ನು ಹಿಡಿದುಕೊಂಡು ಅದನ್ನು ಕಬ್ಬಿನ ನೀರು ಮಾಡಿದ. ಬಿಳಿಜೋಳವೇ ಸಾಕು ಅನ್ನುವ ಹಿರಿಯವನು ಗಾದೆಯಲ್ಲಿ ಹೇಳದೇ ಉಳಿದಿದ್ದ ನೊಗವನ್ನು ಹೊರಗೆ ತೆಗೆದ. ಕೊಳ್ಳ ಹರಿಯುವುದು ಅಂದರೆ ಎತ್ತುಗಳನ್ನು ನೊಗದಿಂದ ಬಿಡಿಸುವುದು ಅಂತ ನಿಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಲ್ಲಿ ಅವನು ಕೇಳುತ್ತಿರುವುದು ಹೊಲದ ಪಾಲು. ಆ ಮಾತು ಬಾಯಿಬಿಟ್ಟು ಹೇಳಲು ಅವನಿಗೆ ಧೈರ್ಯ ಸಾಲದು. ತಾಯಿಯ ಗಾದೆಯೇ ಅವನಿಗೆ ದಾರಿ ಮಾಡಿಕೊಟ್ಟಿತು.

ಈಗ ನಿಮ್ಮ ಸರ್ ಹೇಳಿದ ಹಾಗೆ ‘ಪುಲಿಂಗ್ ಇನ್ ಡಿಫರೆಂಟ್ ಡೈರೆಕ್ಷನ್ಸ್’ ಅಂತ ಹಾಕಿ ನೋಡಿ. ಅರ್ಥ ಸರಿಯಾಗೇ ಬರುತ್ತದೆ. ಆದರೆ ಮುಂದಿನ ಸಾಲಿನಲ್ಲಿ ಕಿರಿಯವನು ಯಾವ ನೀರಿನ ಬಗ್ಗೆ ಮಾತಾಡುತ್ತಾನೆ? ಆ ಮಾತಿನಲ್ಲಿ ನೀರೇ ಇಲ್ಲವಲ್ಲ! ಹಿರಿಯವನು ಬಿಚ್ಚು ಅನ್ನುವ ನೊಗ ಎಲ್ಲಿಂದ ಬಂತು? ಎರಡು ಸಾಲನ್ನೂ ನೀವು ಹೊಸದಾಗಿ ಕಟ್ಟಬೇಕಾಗುತ್ತದೆ. ಆಗ ಅದು ನಿಮ್ಮ ಮಾವನ ಕತೆಯಾಗಿ ಉಳಿಯುವುದಿಲ್ಲ.

ಹಾಗಾಗಿ ಗಾದೆ ಬಂದಾಗಲೆಲ್ಲ ಮೊದಲು ಮಾಡಬೇಕಾದ ಕೆಲಸ ಇದು. ಗಾದೆಯಲ್ಲಿರುವ ವಸ್ತುಗಳ ಹೆಸರಿಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಇಲ್ಲಿ ಎತ್ತು, ಏರಿ, ಕೋಣ, ನೀರು. ಆಮೇಲೆ ಹಿಂದಿನ ಮುಂದಿನ ಪುಟಗಳನ್ನು ಓದುತ್ತಾ, ಅವುಗಳಲ್ಲಿ ಯಾವುದಾದರೂ ಮತ್ತೆ ಬರುತ್ತದಾ ನೋಡಿ. ಬಂದರೆ ಆ ಚಿತ್ರ ಕತೆಯಲ್ಲಿ ಕೆಲಸ ಮಾಡುತ್ತಿದೆ, ಅದನ್ನು ಬದಲಿಸುವ ಹಾಗಿಲ್ಲ. ಎಲ್ಲೂ ಬರದಿದ್ದರೆ ಮಾತ್ರ ಇಂಗ್ಲಿಷಿನ ಗಾದೆ ಹಾಕಬಹುದಾ ಅನ್ನುವ ಪ್ರಶ್ನೆ ಏಳುತ್ತದೆ. ನಮ್ಮ ಕಡೆ ಮಾತುಕತೆಯಲ್ಲಿ ಈ ಕೆಲಸ ಇನ್ನೂ ಮುಖ್ಯ. ಒಬ್ಬರು ಗಾದೆ ಹೇಳಿದರೆ ಇನ್ನೊಬ್ಬರು ಅದನ್ನೇ ಎತ್ತಿಕೊಂಡು ತಿರುಗಿ ಕೊಡುವುದು ಬಾಗಲಕೋಟೆ, ಬೆಳಗಾವಿ ಹಳ್ಳಿಗಳಲ್ಲಿ ದಿನದ ಮಾತು. ಅಲ್ಲಿನವರು ಬರೆದ ಕತೆಗಳಲ್ಲೂ ಅದು ಬಂದೇ ಬರುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಸಮ ಅನ್ನಿಸುವ ಮಾತುಗಳನ್ನೂ ಒಮ್ಮೆ ತೂಗಿ ನೋಡೋಣ. ಯಾಕೆಂದರೆ ನಿಮ್ಮ ಸರ್ ಮತ್ತೆ ಕೇಳುತ್ತಾರೆ. ತೂಗುವ ಮೊದಲು ನಮ್ಮ ಗಾದೆ ಏನು ಹೇಳುತ್ತದೆ ಅನ್ನುವುದು ಖಚಿತ ಇರಬೇಕು. ಇದರಲ್ಲಿ ಎರಡು ಸಂಗತಿ ಇವೆ. ಒಂದು, ಎರಡೂ ಪ್ರಾಣಿ ಒಂದೇ ನೊಗಕ್ಕೆ ಕಟ್ಟಿವೆ, ಬಿಟ್ಟು ಹೋಗುವ ಹಾಗಿಲ್ಲ. ಇನ್ನೊಂದು, ತಪ್ಪು ಯಾರದ್ದೂ ಅಲ್ಲ. ಕೋಣಕ್ಕೆ ಬೆವರಿನ ಗ್ರಂಥಿಗಳು ದನಕ್ಕಿಂತ ಕಡಿಮೆ, ಮೈ ಕಪ್ಪು. ಬಿಸಿಲು ಏರಿದರೆ ಅದು ನೀರು ಹುಡುಕಲೇಬೇಕು. ಎತ್ತು ಬಿಸಿಲು ತಡೆಯುತ್ತದೆ, ಅದಕ್ಕೆ ಒಣ ನೆಲವೇ ಸರಿ. ಅದರದರ ಹುಟ್ಟುಗುಣ ಅದರದರದು. ತಾಯಿ ಈ ಮಾತು ಹೇಳುವಾಗ ಸಿಟ್ಟಿಗಿಂತ ಸಂಕಟ ಜಾಸ್ತಿ ಇರುವುದು ಇದಕ್ಕೇ.

‘ಟೂ ಮೆನಿ ಕುಕ್ಸ್’ ಅಂತ ಶುರುವಾಗುವ ಗಾದೆ ಇಲ್ಲಿ ಕೂಡುವುದಿಲ್ಲ. ಅಲ್ಲಿ ಎಲ್ಲರೂ ಮಾಡುವುದು ಒಂದೇ ಸಾರು, ಜನ ಜಾಸ್ತಿ ಆದದ್ದೇ ತೊಂದರೆ. ನಮ್ಮಲ್ಲಿ ಇರುವುದು ಇಬ್ಬರೇ, ಗುರಿ ಬೇರೆ. ‘ಚಾಕ್ ಅಂಡ್ ಚೀಸ್’ ಅಂದರೆ ಇಬ್ಬರೂ ಬೇರೆ ಬೇರೆ ಥರ ಅಂತ ಅಷ್ಟೇ. ಸೀಮೆಸುಣ್ಣವನ್ನೂ ಚೀಸನ್ನೂ ಯಾರೂ ಒಂದು ಗಾಡಿಗೆ ಕಟ್ಟಿಲ್ಲ. ‘ಅಟ್ ಕ್ರಾಸ್ ಪರ್ಪಸಸ್’ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ಒಬ್ಬರ ಉದ್ದೇಶ ಇನ್ನೊಬ್ಬರಿಗೆ ತಿಳಿದಿಲ್ಲ ಅನ್ನುವ ಛಾಯೆ ಇದೆ. ಈ ಅಣ್ಣತಮ್ಮಂದಿರಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಚೆನ್ನಾಗೇ ಗೊತ್ತು.

ತುಂಬಾ ಹತ್ತಿರ ಇದ್ದು ತುಂಬಾ ದಾರಿ ತಪ್ಪಿಸುವ ಮಾತು ‘ಅನ್‌ಈಕ್ವಲಿ ಯೋಕ್ಡ್’. ನೊಗ ಇದೆ, ಹೊಂದದ ಜೋಡಿ ಇದೆ, ಇದೇ ಸರಿ ಅನ್ನಿಸುತ್ತದೆ. ಆದರೆ ಇದು ಬೈಬಲ್ಲಿನ ಮಾತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 6ನೇ ಅಧ್ಯಾಯ, 14ನೇ ವಚನ. ನಂಬಿಕೆ ಇಲ್ಲದವರ ಜೊತೆ ಜೋಡಿ ಆಗಬೇಡಿ ಅಂತ ಅಲ್ಲಿ ಹೇಳಿದೆ. ಕ್ರೈಸ್ತ ಮನೆಗಳಲ್ಲಿ ಬೇರೆ ನಂಬಿಕೆಯವರ ಜೊತೆ ಮದುವೆ ಆಗುವ ಬಗ್ಗೆ ಇದನ್ನು ಎತ್ತುತ್ತಾರೆ. ಘಟಪ್ರಭೆಯ ದಂಡೆಯ ರೈತ ತಾಯಿ ಇದನ್ನು ಹೇಳಿದರೆ, ಇಂಗ್ಲಿಷ್ ಓದುಗರ ತಲೆಗೆ ಬರುವುದು ಚರ್ಚು ಮತ್ತು ಮದುವೆ. ಹೊಲ ಮರೆಯಾಗುತ್ತದೆ.

ಆದರೆ ಇದೇ ಬೈಬಲ್ಲು ನಿಮಗೆ ಇನ್ನೊಂದು ಕಡೆ ಸಹಾಯ ಮಾಡುತ್ತದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯ, 10ನೇ ವಚನದಲ್ಲಿ ಎತ್ತನ್ನೂ ಕತ್ತೆಯನ್ನೂ ಒಟ್ಟಿಗೆ ಹೂಡಿ ಉಳಬೇಡ ಅಂತ ಇದೆ. ಇಂಗ್ಲೆಂಡಿನಲ್ಲೂ ಎತ್ತು ಹೂಡಿ ಶತಮಾನಗಟ್ಟಲೆ ಉತ್ತಿದ್ದಾರೆ. ಅಂದರೆ ಹೊಂದದ ಎರಡು ಪ್ರಾಣಿ ಒಂದು ನೊಗದಲ್ಲಿ ಅನ್ನುವ ಚಿತ್ರ ಅವರಿಗೆ ಹೊಸದೇನಲ್ಲ. ಅವರಿಗೆ ಅರ್ಥ ಆಗುತ್ತೋ ಇಲ್ಲವೋ ಅನ್ನುವ ಭಯದಿಂದ ಚಿತ್ರ ಬಿಡುವವರು ಜಾಸ್ತಿ. ಈ ಗಾದೆಗೆ ಆ ಭಯ ಬೇಡ.

ಹಾಗಂತ ಪದಕ್ಕೆ ಪದ ಇಟ್ಟರೂ ಆಗುವುದಿಲ್ಲ. ನೀವು ಮಾಡಿದ ಮೊದಲ ಕರಡು ಹೀಗಿದೆ: ‘ದಿ ಬುಲಕ್ ಪುಲ್ಡ್ ಟು ದಿ ಬ್ಯಾಂಕ್, ದಿ ಬಫಲೋ ಪುಲ್ಡ್ ಟು ದಿ ವಾಟರ್’. ಇದರಲ್ಲಿ ಒಂದೂ ಪದ ತಪ್ಪಿಲ್ಲ. ಆದರೂ ಇಂಗ್ಲಿಷಿನಲ್ಲಿ ಓದಿದವರಿಗೆ ಏನೂ ದಕ್ಕುವುದಿಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕಾಲ. ಕನ್ನಡದ ಗಾದೆ ಆಗಿಹೋದ ಸಂಗತಿಯ ಹಾಗೆ ಮಾತಾಡುವುದು ಉಂಟು. ಎಳೀತು, ಅಂದಳು, ಹೋಯ್ತು. ಕೇಳುವ ನಮಗೆ ಇದು ಯಾವತ್ತೂ ನಡೆಯುವ ಮಾತು ಅಂತ ಗೊತ್ತು. ಇಂಗ್ಲಿಷ್ ಗಾದೆಗಳು ಸಾಮಾನ್ಯವಾಗಿ ವರ್ತಮಾನದಲ್ಲಿ ಇರುತ್ತವೆ. ‘ಪುಲ್ಡ್’ ಅಂದ ಕೂಡಲೇ ಓದುಗರು ನಿನ್ನೆ ಹೊಲದಲ್ಲಿ ನಿಜವಾಗಿ ಯಾವುದೋ ಎತ್ತು ಎಳೆಯಿತು ಅಂದುಕೊಳ್ಳುತ್ತಾರೆ. ಕತೆಯಲ್ಲಿ ಹೊಲ ಇರುವುದರಿಂದ ಈ ಗೊಂದಲ ಇನ್ನೂ ಜಾಸ್ತಿ. ‘ಪುಲ್ಸ್’ ಅಂತ ಮಾಡಿ, ಅದು ಗಾದೆ ಅಂತ ತಾನಾಗೇ ತಿಳಿಯುತ್ತದೆ.

ಎರಡನೆಯದು ಏರಿ. ಕೆರೆಯ ಏರಿ, ಎತ್ತರದ ಒಣ ನೆಲ. ಗಾದೆಯ ಜೀವ ಇರುವುದು ಎತ್ತರಕ್ಕೂ ತಗ್ಗಿಗೂ, ಒಣದಕ್ಕೂ ಹಸಿಗೂ ನಡುವಿನ ಎಳೆದಾಟದಲ್ಲಿ. ‘ಬ್ಯಾಂಕ್’ ಅಂದರೆ ಇಂಗ್ಲಿಷಿನಲ್ಲಿ ನದಿಯ ದಂಡೆ, ನೀರಿಗೆ ಅಂಟಿಕೊಂಡೇ ಇರುವುದು. ಆಗ ಎತ್ತು, ಕೋಣ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಹೋದ ಹಾಗಾಯಿತು, ಎಳೆದಾಟವೇ ಇಲ್ಲ. ‘ಬಂಡ್’ ಅನ್ನುವ ಪದ ಭಾರತದ ಓದುಗರಿಗೆ ಗೊತ್ತು, ಹೊರಗಿನವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನಾನು ‘ರಿಜ್’ ಆರಿಸುತ್ತೇನೆ. ಕೆರೆಯ ಏರಿಯೇ ಅಲ್ಲದಿದ್ದರೂ ಎತ್ತರದ ಒಣ ಜಾಗ ಅಂತ ಕೂಡಲೇ ಕಣ್ಣಿಗೆ ಬರುತ್ತದೆ.

‘ರಿಜ್’ಗೆ ಇನ್ನೊಂದು ಲಾಭ ಇದೆ. ಕನ್ನಡದಲ್ಲಿ ಏರಿಗೆ, ನೀರಿಗೆ ಅಂತ ಪ್ರಾಸ ಕೂತಿದೆ. ಎತ್ತು, ಏರಿ, ಎಳೀತು ಅಂತ ಮೊದಲ ಅಕ್ಷರವೂ ಕೂಡಿಬಂದಿದೆ. ಗಾದೆ ಬಾಯಲ್ಲಿ ಉಳಿದಿರುವುದೇ ಇದರಿಂದ. ‘ರಿಜ್’ ಎದುರಿಗೆ ‘ರಿವರ್’ ಇಟ್ಟರೆ ಅದರಲ್ಲಿ ಸ್ವಲ್ಪವಾದರೂ ಇಂಗ್ಲಿಷಿಗೆ ಬರುತ್ತದೆ. ನೀರು ಅಂದರೆ ನದಿ ಅಲ್ಲ ಅಂತ ನೀವು ಹೇಳಬಹುದು, ನಿಜ. ನಿಮ್ಮ ಮಾವನ ಕತೆಯ ಹೊಲ ಘಟಪ್ರಭೆಯ ದಂಡೆಯಲ್ಲಿ ಇರುವುದರಿಂದ ಮಾತ್ರ ನಾನು ಇದಕ್ಕೆ ಒಪ್ಪುತ್ತೇನೆ. ಕಿರಿಯ ಮಗನ ಕಬ್ಬಿಗೆ ನೀರು ಬರುವುದೂ ಹೊಳೆಯಿಂದಲೇ. ಅದೇ ಕತೆ ಇಂಡಿ ಕಡೆಯ ಕೊಳವೆಬಾವಿಯ ಹೊಲದಲ್ಲಿ ನಡೆದಿದ್ದರೆ ‘ರಿವರ್’ ಹಾಕಲು ಬರುತ್ತಿರಲಿಲ್ಲ, ಪ್ರಾಸ ಬಿಟ್ಟು ‘ವಾಟರ್’ ಅಂತಲೇ ಇಡಬೇಕಿತ್ತು.

ಮೂರನೆಯದು ನೊಗ. ಇದು ದೊಡ್ಡ ವಿಷಯ. ನಮ್ಮ ಗಾದೆಯಲ್ಲಿ ನೊಗ ಅನ್ನುವ ಪದವೇ ಇಲ್ಲ ನೋಡಿ. ಎಳೀತು ಅಂದರೆ ಸಾಕು, ಎರಡೂ ಜೊತೆಗೆ ಹೂಡಿವೆ ಅಂತ ನಮಗೆ ಹೊಳೆಯುತ್ತದೆ. ಇಂಗ್ಲಿಷ್ ಓದುಗರಿಗೆ ಹೊಳೆಯುವುದಿಲ್ಲ. ಅವರ ಕಣ್ಣಿಗೆ ಬರುವುದು ಬೇರೆ ಬೇರೆ ನಿಂತ ಎರಡು ಪ್ರಾಣಿ, ಒಂದು ಆ ಕಡೆ ಹೋಯಿತು, ಇನ್ನೊಂದು ಈ ಕಡೆ. ಅದರಲ್ಲಿ ಜಗಳ ಎಲ್ಲಿದೆ? ಜೊತೆಗೆ ಕಟ್ಟಿದ್ದರಿಂದಲೇ ಸಂಕಟ ಹುಟ್ಟಿದ್ದು. ಹಾಗಾಗಿ ಆ ಒಂದು ಪದವನ್ನು ಒಳಗೆ ತರಲೇಬೇಕು. ಅಡಿಟಿಪ್ಪಣಿಯಲ್ಲಿ ಬೇಡ. ಜಗಳದ ನಡುವೆ ಓದುಗರನ್ನು ಪುಟದ ಕೆಳಗೆ ಕಳಿಸಿದರೆ ಅವರು ತಿರುಗಿ ಬರುವಷ್ಟರಲ್ಲಿ ಜಗಳ ಆರಿಹೋಗಿರುತ್ತದೆ. ತಾಯಿಯ ಬಾಯಲ್ಲೇ ಎರಡು ಪದ ಸೇರಿಸಿ: ‘ಒನ್ ಯೋಕ್’.

ಇನ್ನು ಕೋಣ. ‘ಬಫಲೋ’ ಅಂದರೆ ಅಮೆರಿಕದವರಿಗೆ ಅವರ ಬಯಲಿನ ಕೂದಲುಗೂದಲಾದ ಕಾಡೆಮ್ಮೆ ನೆನಪಾಗುತ್ತದೆ. ‘ವಾಟರ್ ಬಫಲೋ’ ಅಂದರೆ ಸರಿಹೋಗುತ್ತದೆ. ಅದು ನೀರಿನ ಪ್ರಾಣಿ ಅನ್ನುವುದೂ ಹೆಸರಿನಲ್ಲೇ ಬರುತ್ತದೆ. ಆದರೆ ಗಾದೆಯೊಳಗೆ ಅಷ್ಟುದ್ದ ಹಿಡಿಸುವುದಿಲ್ಲ. ಅದಕ್ಕೆ ಹಿಂದಿನ ಪುಟ ಬಳಸಿಕೊಳ್ಳಿ. ಕತೆಯ ಶುರುವಿನಲ್ಲಿ ಹೊಳೆಯಲ್ಲಿ ಎಮ್ಮೆಗಳು ಬಿದ್ದುಕೊಂಡಿರುವ ವಾಕ್ಯ ಇದೆಯಲ್ಲ, ಅಲ್ಲಿ ‘ವಾಟರ್ ಬಫಲೋ’ ಅಂತ ಹಾಕಿ. ಗಾದೆಗೆ ಬರುವ ಹೊತ್ತಿಗೆ ಓದುಗರ ಕಣ್ಣಲ್ಲಿ ಸರಿಯಾದ ಪ್ರಾಣಿ ಇರುತ್ತದೆ. ಎತ್ತಿಗೆ ‘ಬುಲಕ್’ ಬದಲು ‘ಆಕ್ಸ್’ ಒಳ್ಳೆಯದು. ಚಿಕ್ಕ ಪದ, ಗೆಯ್ಯುವ ಪ್ರಾಣಿ ಅನ್ನುವ ಅರ್ಥವೂ ಗಟ್ಟಿ.

ಈ ಎಲ್ಲ ಸೇರಿದರೆ ತಾಯಿಯ ಮಾತು ಹೀಗಾಗುತ್ತದೆ: ‘ಒನ್ ಯೋಕ್. ದಿ ಆಕ್ಸ್ ಪುಲ್ಸ್ ಫಾರ್ ದಿ ರಿಜ್, ದಿ ಬಫಲೋ ಫಾರ್ ದಿ ರಿವರ್.’ ಎರಡನೇ ಸಲ ‘ಪುಲ್ಸ್’ ಹಾಕಿಲ್ಲ. ಕನ್ನಡದಲ್ಲಿ ಎಳೀತು, ಎಳೀತು ಅಂತ ಎರಡು ಸಲ ಬಂದರೆ ತೂಕ ಬರುತ್ತದೆ, ಇಂಗ್ಲಿಷಿನಲ್ಲಿ ಅದು ಭಾರ ಆಗುತ್ತದೆ. ಕಿರಿಯವನ ಉತ್ತರ: ‘ವಾಟ್ಸ್ ರಾಂಗ್ ವಿತ್ ದಿ ರಿವರ್, ಯವ್ವಾ? ದಟ್ಸ್ ವೇರ್ ಕೇನ್ ಗ್ರೋಸ್.’ ಯವ್ವಾ ಹಾಗೇ ಇರಲಿ, ತಾಯಿಯನ್ನು ಕರೆಯುವುದು ಅಂತ ಜಾಗವೇ ಹೇಳುತ್ತದೆ. ಹಿರಿಯವನ ಮಾತು: ‘ದೆನ್ ಅನ್‌ಯೋಕ್ ಅಸ್.’

ಈ ಕೊನೆಯದರಲ್ಲಿ ಒಂದು ಎಚ್ಚರ. ‘ಥ್ರೋ ಆಫ್ ದಿ ಯೋಕ್’ ಅಂತ ಬರೆಯಲು ಕೈ ಓಡುತ್ತದೆ, ಅದು ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಮಾತು. ಆದರೆ ಅದಕ್ಕೆ ದಬ್ಬಾಳಿಕೆಯಿಂದ ಬಿಡುಗಡೆ ಪಡೆಯುವುದು ಅನ್ನುವ ಅರ್ಥ ಅಂಟಿಕೊಂಡಿದೆ. ಮಗ ತಾಯಿಯ ಮೇಲೆ ದಂಗೆ ಎದ್ದ ಹಾಗೆ ಕೇಳಿಸುತ್ತದೆ. ನಿಮ್ಮ ಕತೆಯಲ್ಲಿ ಅವನು ತಾಯಿಯನ್ನೇ ಬಿಡಿಸು ಅಂತ ಕೇಳಿಕೊಳ್ಳುತ್ತಿದ್ದಾನೆ. ‘ಅನ್‌ಯೋಕ್ ಅಸ್’ ಅನ್ನುವುದರಲ್ಲಿ ಆ ಬೇಡಿಕೆ ಇದೆ.

ಕೆಲವು ಹೋಗುತ್ತವೆ, ಹೋಗಲಿ. ಹಿರಿಯವನ ಜೋಳದ ಹೊಲ ಎರಿ ಭೂಮಿ, ಕಪ್ಪು ನೆಲ. ತಾಯಿಯ ಗಾದೆಯ ‘ಏರಿಗಿ’ ಅನ್ನುವುದರಲ್ಲಿ ಆ ‘ಎರಿ’ಯ ದನಿ ಇಣುಕುತ್ತದೆ. ಮಾವ ಬೇಕೆಂದೇ ಮಾಡಿದ್ದಾರೆ ಅಂತ ನನಗನ್ನಿಸುತ್ತದೆ, ಕೇಳಿ ನೋಡಿ. ಇದು ಇಂಗ್ಲಿಷಿಗೆ ಬರುವುದಿಲ್ಲ. ಹಾಗೆಯೇ ಕೋಣ ಅನ್ನುವುದು ನಮ್ಮಲ್ಲಿ ಬೈಗುಳವೂ ಹೌದು. ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತೇವಲ್ಲ. ತಾಯಿ ಕಿರಿಯವನನ್ನು ಆ ಜಾಗದಲ್ಲಿ ನಿಲ್ಲಿಸಿದ್ದರಿಂದಲೇ ಅವನು ಅಷ್ಟು ಬೇಗ ಬಾಯಿ ಹಾಕಿದ್ದು. ‘ಬಫಲೋ’ ಪದದಲ್ಲಿ ಆ ಚುಚ್ಚು ಇಲ್ಲ. ಅದನ್ನು ತುಂಬಲು ‘ಮೂರ್ಖ’ ಅನ್ನುವಂಥ ಇನ್ನೊಂದು ಪದ ಸೇರಿಸಬೇಡಿ. ಸೇರಿಸಿದರೆ ತಾಯಿ ಪಕ್ಷ ವಹಿಸಿದ ಹಾಗಾಗುತ್ತದೆ.

ಬರೆದಾದ ಮೇಲೆ ಕನ್ನಡ ಬಾರದ ಒಬ್ಬರಿಗೆ ಈ ಮೂರು ಸಾಲು ಗಟ್ಟಿಯಾಗಿ ಓದಿ ಹೇಳಿ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಅಂಥವರು ಸಿಗುವುದು ಕಷ್ಟವಲ್ಲ. ಅರ್ಥ ಆಯ್ತಾ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ತಾಯಿಗೆ ಯಾಕೆ ಸಂಕಟ ಅಂತ ಕೇಳಿ. ‘ಇಬ್ಬರೂ ಒಂದೇ ಕಡೆ ಕಟ್ಟಿಹಾಕಿದ ಹಾಗೆ ಇದ್ದಾರೆ, ಹೊಂದುವುದಿಲ್ಲ’ ಅಂದರೆ ಸಾಲು ನಿಂತಿತು. ‘ಕಿರಿಯ ಮಗ ದಡ್ಡ’ ಅಂತಲೋ ‘ಎಮ್ಮೆ ಹೊಳೆಗೆ ಓಡಿತು’ ಅಂತಲೋ ಉತ್ತರ ಬಂದರೆ ಇನ್ನೂ ಕೆಲಸ ಇದೆ.

ನಿಮ್ಮ ಸರ್ ಹೇಳಿದ ದಾರಿ ಯಾವಾಗಲೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದೇ ಎರಡನೇ ಪುಟದ ಕೊನೆಯಲ್ಲಿ ಇನ್ನೊಂದು ಗಾದೆ ಇದೆ, ನೀವು ಅದರ ಬಗ್ಗೆ ಕೇಳಿಲ್ಲ. ಪಂಪು ರಿಪೇರಿಗೆ ಬಂದವನು ಪೈಪಿನದೇ ದೋಷ ಅಂದಾಗ ಕತೆ ಹೇಳುವವನು “ಕುಣಿಯಲಾರದವಳು ನೆಲ ಡೊಂಕು ಅಂದಳು” ಅಂದು ಮುಂದೆ ಹೋಗುತ್ತಾನೆ. ಕುಣಿತ, ನೆಲ ಎರಡೂ ಕತೆಯಲ್ಲಿ ಮತ್ತೆ ಬರುವುದಿಲ್ಲ. ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ. ಇಲ್ಲಿ ಚಿತ್ರ ಉಳಿಸಿದರೆ ತೊಂದರೆಯೇ ಜಾಸ್ತಿ, ಇದ್ದಕ್ಕಿದ್ದಂತೆ ಈ ಕುಣಿಯುವ ಹೆಂಗಸು ಯಾರು ಅಂತ ಓದುಗರು ತಡವರಿಸುತ್ತಾರೆ. ‘ಎ ಬ್ಯಾಡ್ ವರ್ಕ್‌ಮನ್ ಬ್ಲೇಮ್ಸ್ ಹಿಸ್ ಟೂಲ್ಸ್’ ಅಂತ ಹಾಕಿ ಮುಂದೆ ನಡೆಯಿರಿ. ಗಂಡಸು, ಕೆಲಸಗಾರ, ಕೈಯಲ್ಲಿ ಪಾನಾ. ಹೇಳಿ ಮಾಡಿಸಿದ ಹಾಗಿದೆ.

ನಮ್ಮ ಕಡೆಯವರಿಗೆ ಒಂದು ಅಭ್ಯಾಸ ಇದೆ, ಅದು ಮರಾಠಿಯಿಂದ ಬಂದದ್ದು. ಇದೇ ಗಾದೆ ಮರಾಠಿಯಲ್ಲಿ ‘ನಾಚ್ತಾ ಯೇಯಿನಾ, ಅಂಗಣ ವಾಕಡೇ’. ಅದೇ ಕುಣಿತ, ಅದೇ ಡೊಂಕು. ದೂರದ ಬೆಟ್ಟ ನುಣ್ಣಗೆ ಅಂದರೆ ಅವರಲ್ಲಿ ‘ದುರೂನ್ ಡೋಂಗರ್ ಸಾಜರೇ’, ಬೆಟ್ಟವೂ ಉಳಿಯಿತು, ಅರ್ಥವೂ ಉಳಿಯಿತು. ಬೆಳಗಾವಿ, ಚಿಕ್ಕೋಡಿ ಕಡೆ ಎರಡೂ ಭಾಷೆ ಮಾತಾಡುತ್ತಾ ಬೆಳೆದವರಿಗೆ, ಪ್ರತಿ ಗಾದೆಗೂ ಇನ್ನೊಂದು ಭಾಷೆಯಲ್ಲಿ ಜೋಡಿ ಇದ್ದೇ ಇರುತ್ತದೆ ಅನ್ನಿಸಿಬಿಡುತ್ತದೆ. ಅಕ್ಕಪಕ್ಕದ ಹೊಲ, ಒಂದೇ ಬೆಳೆ, ಒಂದೇ ದನಕರು ಇರುವುದರಿಂದ ಹಾಗೆ. ಇಂಗ್ಲಿಷಿನಲ್ಲಿ ಅರ್ಥ ಸಿಕ್ಕರೆ ಚಿತ್ರ ಹೋಗಿರುತ್ತದೆ. ಆ ಚಿತ್ರ ಹೋದರೆ ನಷ್ಟವೋ ಅಲ್ಲವೋ ಅಂತ ಪ್ರತಿ ಸಲ ಪುಟ ನೋಡಿಯೇ ಹೇಳಬೇಕು.

ಪತ್ರಿಕೆಗೆ ಕಳಿಸಿದಾಗ ಸಂಪಾದಕರು ಎತ್ತು, ಕೋಣ ತೆಗೆದು ಸಲೀಸಾದ ಇಂಗ್ಲಿಷ್ ಮಾತು ಹಾಕಿ ಅಂತ ಕೇಳಬಹುದು. ಆಗ ವಾದ ಮಾಡಬೇಡಿ. ತಾಯಿಯದು, ಕಿರಿಯವನದು, ಹಿರಿಯವನದು, ಮೂರು ಸಾಲನ್ನೂ ಒಟ್ಟಿಗೆ ಅವರ ಮುಂದಿಡಿ. ಮೊದಲನೆಯದನ್ನು ಬದಲಿಸಿದರೆ ಉಳಿದೆರಡನ್ನು ಏನು ಮಾಡಲಿ ಅಂತ ಕೇಳಿ. ಒಂದು ವೇಳೆ ಅವರು ‘ಒನ್ ಯೋಕ್’ ಅನ್ನುವ ಎರಡು ಪದ ಮೂಲದಲ್ಲಿ ಇಲ್ಲವಲ್ಲ ಅಂತ ಆಕ್ಷೇಪಿಸಿದರೆ, ಮೂರನೇ ಸಾಲಿನ ಕೊಳ್ಳ ತೋರಿಸಿ.